ಕಡಲೆಕಾಯಿ ಬಿಟ್ಟವರು, ಪೆಗ್ ಬಿಡದವರು

ರಕ್ತದಾನಕ್ಕೆ ಹೋದಾಗ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಇದೆ ಅಂತ ಗೊತ್ತಾಗಿ, ಒಬ್ಬರು ನನ್ನ ಹತ್ತಿರ ಬಂದಿದ್ದರು. ವಯಸ್ಸು ನಲವತ್ತರ ಆಸುಪಾಸು. ಅಫ್ಲಾಟಾಕ್ಸಿನ್ ಬಗ್ಗೆ ಎಲ್ಲೋ ಓದಿ ಕಡಲೆಕಾಯಿ ಮುಟ್ಟುವುದನ್ನೇ ಬಿಟ್ಟಿದ್ದರು. ಎದ್ದು ಹೊರಡುವಾಗ ಕೇಳಿದರು: "ಡಾಕ್ಟ್ರೇ, ಸಂಜೆ ಒಂದು ಪೆಗ್ ಪರವಾಗಿಲ್ಲ ಅಲ್ವಾ?"

ಕಡಲೆಕಾಯಿ ಬಗ್ಗೆ ಅವರ ಭಯ ಸುಳ್ಳಲ್ಲ. ಕಡಲೆಕಾಯಿ, ಜೋಳದಂಥ ಕಾಳು ಸರಿಯಾಗಿ ಒಣಗದೆ ಬೆಚ್ಚಗೆ, ತೇವದಲ್ಲಿ ಕೂತರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹಿಡಿಯುತ್ತದೆ. ಅದು ಬಿಡುವ ವಿಷವೇ ಅಫ್ಲಾಟಾಕ್ಸಿನ್. ಲಿವರ್ ಇದನ್ನು ಹೊರಹಾಕಲು ಹೋಗಿ ಇನ್ನೊಂದು ರೂಪಕ್ಕೆ ಬದಲಿಸುತ್ತದೆ. ಆ ರೂಪವೇ ಡಿಎನ್‌ಎಗೆ ಅಂಟಿಕೊಂಡು ಲಿವರ್ ಕ್ಯಾನ್ಸರ್‌ಗೆ ದಾರಿ ಮಾಡುವುದು. ಹುರಿದರೂ ಬೇಯಿಸಿದರೂ ಇದು ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಅಪಾಯ ಎಷ್ಟು ಜಾಸ್ತಿಯಾಗುತ್ತದೆ? ಶಾಂಘೈನಲ್ಲಿ 1986ರಿಂದ ಹದಿನೆಂಟು ಸಾವಿರಕ್ಕೂ ಹೆಚ್ಚು ಗಂಡಸರ ಮೂತ್ರ, ರಕ್ತ ಸಂಗ್ರಹಿಸಿ ಇಟ್ಟರು. ಮುಂದೆ ಯಾರಿಗೆ ಲಿವರ್ ಕ್ಯಾನ್ಸರ್ ಬಂತೋ ಅವರ ಹಳೆಯ ಮಾದರಿಗಳನ್ನು ತೆಗೆದು ನೋಡಿದರು. ಅಫ್ಲಾಟಾಕ್ಸಿನ್, ಹೆಪಟೈಟಿಸ್ ಬಿ ಎರಡೂ ಇಲ್ಲದವರಿಗೆ ಹೋಲಿಸಿದರೆ, ಮೂತ್ರದಲ್ಲಿ ಅಫ್ಲಾಟಾಕ್ಸಿನ್ ಕುರುಹು ಮಾತ್ರ ಇದ್ದವರಿಗೆ ಅಪಾಯ ಸುಮಾರು 3.4 ಪಟ್ಟು. ಹೆಪಟೈಟಿಸ್ ಬಿ ಮಾತ್ರ ಇದ್ದವರಿಗೆ 7.3 ಪಟ್ಟು. ಎರಡೂ ಇದ್ದವರಿಗೆ? ಕೂಡಿದರೆ ಹತ್ತು, ಗುಣಿಸಿದರೆ ಇಪ್ಪತ್ತೈದು ಆಗಬೇಕಿತ್ತು. ಸಿಕ್ಕಿದ್ದು 59 ಪಟ್ಟು. ಆದರೆ ಈ ಲೆಕ್ಕದ ಹಿಂದೆ ಇದ್ದದ್ದು 50 ಜನ ರೋಗಿಗಳು ಮಾತ್ರ. ಹಾಗಾಗಿ ನಿಜವಾದ ಸಂಖ್ಯೆ 17ರಿಂದ 212ರ ನಡುವೆ ಎಲ್ಲಾದರೂ ಇರಬಹುದು. 59 ಅನ್ನೋದನ್ನು ಕಲ್ಲಿನ ಮೇಲೆ ಕೆತ್ತಿದ ಹಾಗೆ ಹೇಳುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಒಂದನ್ನೊಂದು ಹೆಚ್ಚಿಸುತ್ತವೆ ಅನ್ನೋದರಲ್ಲಿ ಮಾತ್ರ ಅನುಮಾನವಿಲ್ಲ.

ಅಂದರೆ ಅದೇ ಬೂಷ್ಟು, ಅದೇ ಕಾಳು, ಆದರೆ ವೈರಸ್ ಇಲ್ಲದವರಿಗೆ ಒಂದು ಲೆಕ್ಕ, ಇವರಿಗೆ ಇನ್ನೊಂದು. ಹಾಗಂತ ಕಡಲೆಕಾಯಿಯನ್ನೇ ಬಿಡಬೇಕಿಲ್ಲ. ಬಣ್ಣ ಕೆಟ್ಟ, ಸುಕ್ಕಾದ, ಕಹಿ ಬೀಜ ಬಾಯಿಗೆ ಸಿಕ್ಕರೆ ಉಗಿಯಿರಿ, ನುಂಗಬೇಡಿ ಎಂದೆ. ನೋಡಲು ಚೆನ್ನಾಗಿರುವ ಬೀಜದಲ್ಲೂ ವಿಷ ಇರಬಹುದು. ಕಣ್ಣಳತೆ ಇಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಇನ್ನು ಆ ಪೆಗ್. 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ದೇಹ ಅದನ್ನು ಅಸಿಟಾಲ್ಡಿಹೈಡ್ ಆಗಿ ಒಡೆಯುತ್ತದೆ, ಅದೂ ಡಿಎನ್‌ಎಯನ್ನು ಕೆಡಿಸುತ್ತದೆ. ಹೆಂಗಸರಲ್ಲಿ ದಿನಕ್ಕೆ ಈ 10 ಗ್ರಾಂ ಸ್ತನ ಕ್ಯಾನ್ಸರ್ ಅಪಾಯವನ್ನು ಸುಮಾರು ಶೇ. 7ರಿಂದ 10ರಷ್ಟು ಏರಿಸುತ್ತದೆ. ಕುಡಿಯದ ನೂರು ಹೆಂಗಸರಲ್ಲಿ ಜೀವಮಾನದಲ್ಲಿ 11 ಜನರಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಅದು 12 ಆಗುತ್ತದೆ. ಒಬ್ಬರು ಜಾಸ್ತಿ, ಅಷ್ಟೇ. ಆದರೆ ಕುಡಿಯುವವರು ಎಷ್ಟು ಜನ! 2020ರಲ್ಲಿ ಜಗತ್ತಿನ ಹೊಸ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 4ಕ್ಕೆ ಆಲ್ಕೋಹಾಲ್ ಕಾರಣ ಎಂಬ ಅಂದಾಜಿದೆ. ಒಬ್ಬರಿಗೆ ಪುಟ್ಟ ಅಪಾಯ ಆದದ್ದು ಊರಿಗೆ ದೊಡ್ಡದಾಗುವುದು ಹೀಗೆ.

ಗಾಳಿಯ ಮಾಲಿನ್ಯದ ಲೆಕ್ಕವೂ ಇದೇ ಥರದ್ದು. ಪಿಎಂ 2.5 ಎಂಬ ನುಣ್ಣನೆಯ ಕಣ ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಾದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಶೇ. 9ರ ಸುಮಾರು ಏರುತ್ತದೆ. ಸಿಗರೇಟಿನ ಮುಂದೆ ಇದು ಏನೂ ಅಲ್ಲ. ಆದರೆ ಸಿಗರೇಟು ಬಿಡಬಹುದು, ಉಸಿರಾಡುವುದನ್ನು ಬಿಡೋಕಾಗಲ್ಲ.

ಬೊಜ್ಜಿನದು ಬೇರೆ ಕಥೆ, ಅಂಗಕ್ಕೊಂದು ಲೆಕ್ಕ. ತೀರಾ ಜಾಸ್ತಿ ತೂಕದ ಹೆಂಗಸರಲ್ಲಿ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 40 ದಾಟಿದವರಲ್ಲಿ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಸುಮಾರು ಏಳು ಪಟ್ಟು. ಮುಟ್ಟು ನಿಂತ ಮೇಲೂ ಕೊಬ್ಬಿನ ಅಂಗಾಂಶ ಈಸ್ಟ್ರೋಜನ್ ತಯಾರಿಸುತ್ತಲೇ ಇರುವುದು ಇದಕ್ಕೆ ದೊಡ್ಡ ಕಾರಣ. ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್‌ನಲ್ಲಿ ಏರಿಕೆ ಅದಕ್ಕಿಂತ ಎಷ್ಟೋ ಕಡಿಮೆ. ಇನ್ನು ಕೆಲವು ಕ್ಯಾನ್ಸರ್‌ಗೂ ತೂಕಕ್ಕೂ ನಂಟೇ ಕಂಡಿಲ್ಲ.

ಮತ್ತೆ ನಮ್ಮವರ ಪೆಗ್ಗಿಗೆ ಬರೋಣ. ವೈರಸ್ ಈಗಾಗಲೇ ಕೂತಿರುವ ಲಿವರ್ ಅದು. ಮೇಲಿಂದ ಕುಡಿತವೂ ಸೇರಿದರೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುವುದು ಬೇಗ. ಸಿರೋಸಿಸ್ ಆದ ಲಿವರ್‌ನಲ್ಲಿ ಕ್ಯಾನ್ಸರ್ ಹುಟ್ಟುವುದೂ ಸುಲಭ. "ಪರವಾಗಿಲ್ಲ ಅನ್ನೋ ಹಾಗಿಲ್ಲ, ಪೂರ್ತಿ ಬಿಡಿ" ಎಂದೆ. ರಕ್ತದಲ್ಲಿ ವೈರಸ್ ಎಷ್ಟಿದೆ ನೋಡುವ ಪರೀಕ್ಷೆ ಬರೆದುಕೊಟ್ಟೆ. ಅದನ್ನೂ ಲಿವರ್ ಸ್ಥಿತಿಯನ್ನೂ ನೋಡಿ ಮಾತ್ರೆ ಬೇಕೋ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕೋ ತೀರ್ಮಾನ. ಹೆಂಡತಿ, ಮಕ್ಕಳಿಗೂ ರಕ್ತ ಪರೀಕ್ಷೆ, ಸೋಂಕಿಲ್ಲದವರಿಗೆ ಲಸಿಕೆ. ಸೋಂಕಿಲ್ಲದ ಮಕ್ಕಳ ಲೆಕ್ಕದಿಂದ ಹೆಪಟೈಟಿಸ್ ಬಿ ತರುವ ಆ ಏಳು ಪಟ್ಟನ್ನು ಅಳಿಸಿಹಾಕಲು ಅಷ್ಟು ಸಾಕು.

ಅವರು ಚೀಟಿ ಮಡಚಿಕೊಂಡು ಕೇಳಿದ್ದು ಒಂದೇ: "ಹಾಗಾದ್ರೆ ಕಡಲೆಕಾಯಿ ತಿನ್ಬಹುದಾ?"