ಪ್ರೀ-ವರ್ಕೌಟ್‌ನಲ್ಲೇ ಕ್ರಿಯಾಟಿನ್ ಇದೆಯಲ್ಲ, ಮತ್ತೆ ಬೇರೆ ಯಾಕೆ?

ಪ್ರಶ್ನೆ: "ನನ್ನ ತೂಕ 70 ಕೆಜಿ, ವಾರಕ್ಕೆ ನಾಲ್ಕು ದಿನ ಸಂಜೆ ಜಿಮ್. ನನ್ನ ಪ್ರೀ-ವರ್ಕೌಟ್ ಡಬ್ಬದಲ್ಲಿ ಕ್ರಿಯಾಟಿನ್, ಬೀಟಾ-ಅಲನೈನ್ ಎರಡೂ ಇದೆ. ಇದರ ಜೊತೆ ಕ್ರಿಯಾಟಿನ್ ಬೇರೆ ತಗೋಬಹುದಾ? ಮೊದಲು ಮೈಯೆಲ್ಲ ಜುಮ್ ಅಂತಿತ್ತು, ಈಗ ಅಷ್ಟು ಆಗ್ತಿಲ್ಲ, ಎರಡು ಸ್ಕೂಪ್ ಹಾಕಿಕೊಳ್ಳಲಾ?"

ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ತಗೋಬಹುದು, ಎರಡಕ್ಕೂ ಜಗಳವಿಲ್ಲ. ಎರಡನೆಯ ಭಾಗಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಬೇಡ, ಎರಡು ಸ್ಕೂಪ್ ಬೇಡ. ಯಾಕೆ ಅಂತ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಆ ಜುಮ್ ಇದೆಯಲ್ಲ, ಅದು ಪುಡಿ "ಹಿಡಿಯುತ್ತಿರುವ" ಗುರುತಲ್ಲ. ಪೌಡರ್ ಒರಿಜಿನಲ್ಲೋ ಡೂಪ್ಲಿಕೇಟೋ ಅಂತ ಹೇಳುವ ಪರೀಕ್ಷೆಯೂ ಅಲ್ಲ. ಜಿಮ್‌ನಲ್ಲಿ ಅರ್ಧ ಜನ ಡಬ್ಬ ಕೊಳ್ಳುವುದೇ ಜುಮ್ ನೋಡಿ. "ಇದು ಸ್ಟ್ರಾಂಗು ಗುರು, ಕಿವಿಯೆಲ್ಲ ಕಚ್ಚುತ್ತೆ" ಅಂತ ಟ್ರೈನರೇ ಹೇಳಿದ ಮೇಲೆ ಯಾರು ತಾನೇ ನಂಬುವುದಿಲ್ಲ? ಆದರೆ ನಡೆಯುವುದು ಇಷ್ಟೇ: ಬೀಟಾ-ಅಲನೈನ್ ಒಮ್ಮೆಲೇ ಜಾಸ್ತಿ ರಕ್ತಕ್ಕೆ ಬಂದಾಗ ಚರ್ಮದ ಕೆಳಗಿನ ಸಣ್ಣ ನರಗಳನ್ನು ಕೆಣಕುತ್ತದೆ. ಮುಖ, ಕಿವಿ, ಕುತ್ತಿಗೆ, ಕೈಬೆರಳು ಚುಮುಚುಮು ಅನ್ನುತ್ತದೆ. ಗಂಟೆ, ಒಂದೂವರೆ ಗಂಟೆಯಲ್ಲಿ ತಾನೇ ಇಳಿಯುತ್ತದೆ. ತೊಂದರೆ ಏನಿಲ್ಲ, ಆದರೆ ಅದು ಚರ್ಮದ ವಿಷಯ. ನಿಮಗೆ ಬೇಕಾದದ್ದು ಸ್ನಾಯುವಿನಲ್ಲಿ.

ಸ್ನಾಯುವಿನಲ್ಲಿ ಆಗಬೇಕಾದ ಕೆಲಸ ತುಂಬ ನಿಧಾನ. ಅಲ್ಲಿ ಬೀಟಾ-ಅಲನೈನ್ ಹಿಸ್ಟಿಡಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲದ ಜೊತೆ ಸೇರಿ ಕಾರ್ನೋಸಿನ್ ಆಗುತ್ತದೆ. ಜೋರಾಗಿ ದುಡಿದಾಗ ಸ್ನಾಯುವಿನಲ್ಲಿ ಏರುವ ಆಮ್ಲತೆಯನ್ನು ತಡೆಯಲು ನೆರವಾಗುವುದು ಈ ಕಾರ್ನೋಸಿನ್. ಇದು ಕಣ್ಣಿಗೆ ಕಾಣುವಷ್ಟು ಹೆಚ್ಚಬೇಕಾದರೆ ದಿನಕ್ಕೆ 3.2 ರಿಂದ 6.4 ಗ್ರಾಂ, ಅದೂ ಪ್ರತಿದಿನ, ಕಡಿಮೆ ಅಂದರೆ ನಾಲ್ಕು ವಾರ ಬೇಕು. ಈಗ ನೀವೇ ಯೋಚಿಸಿ. ಜುಮ್ ಮೊದಲ ದಿನವೇ ಬರುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ. ಆ ಹೊತ್ತಿಗೆ ಸ್ನಾಯುವಿನ ಕಾರ್ನೋಸಿನ್ ನಿನ್ನೆ ಇದ್ದಷ್ಟೇ ಇರುತ್ತದೆ. ಇನ್ನೊಂದು ಕಡೆಯಿಂದ ನೋಡಿ: ನಿಧಾನವಾಗಿ ಕರಗುವ ಬೀಟಾ-ಅಲನೈನ್ ಮಾತ್ರೆ ಸಿಗುತ್ತದೆ, ಅದರಲ್ಲಿ ಜುಮ್ ಬಹಳ ಕಡಿಮೆ, ಕಾರ್ನೋಸಿನ್ ಮಾತ್ರ ಚೆನ್ನಾಗಿಯೇ ಏರುತ್ತದೆ. ಜುಮ್ ಇದ್ದರೂ ಫಲ ಇಲ್ಲದಿರಬಹುದು, ಜುಮ್ ಇಲ್ಲದೆಯೂ ಫಲ ಸಿಗಬಹುದು ಅಂದ ಮೇಲೆ ಅದು ಗುರುತು ಹೇಗಾಗುತ್ತೆ? ಊದಿನಕಡ್ಡಿ ಘಮ ನೋಡಿ ಅಡುಗೆ ರುಚಿ ಹೇಳಿದ ಹಾಗೆ.

ಈಗ ನಿಮ್ಮ ಡಬ್ಬಕ್ಕೆ ಬರೋಣ. ನೀವು ಕಳಿಸಿದ ಲೇಬಲ್ ಪ್ರಕಾರ ಒಂದು ಸ್ಕೂಪ್‌ಗೆ ಕೆಫೀನ್ 200 ಮಿಲಿಗ್ರಾಂ, ಬೀಟಾ-ಅಲನೈನ್ 1.6 ಗ್ರಾಂ, ಕ್ರಿಯಾಟಿನ್ 1 ಗ್ರಾಂ. ನೀವು ಕುಡಿಯುವುದು ವಾರಕ್ಕೆ ನಾಲ್ಕೇ ದಿನ. ಅಂದರೆ ವಾರಕ್ಕೆ ಕ್ರಿಯಾಟಿನ್ 4 ಗ್ರಾಂ. ಬೇಕಾದದ್ದು ದಿನಕ್ಕೆ 3 ರಿಂದ 5 ಗ್ರಾಂ, ವಾರಕ್ಕೆ 21 ರಿಂದ 35. ಒಂದು ದಿನದ್ದನ್ನು ಒಂದು ವಾರ ಹಂಚಿಕೊಂಡು ತಿಂದ ಹಾಗಾಯಿತು. ಬೀಟಾ-ಅಲನೈನ್ ವಾರಕ್ಕೆ 6.4 ಗ್ರಾಂ, ಬೇಕಾದದ್ದು ಕನಿಷ್ಠ 22.4. ಈ ಡಬ್ಬದಲ್ಲಿ ಸರಿಯಾದ ಪ್ರಮಾಣದಲ್ಲಿ ಇರುವುದು ಕೆಫೀನ್ ಒಂದೇ. ಕಿಲೋ ತೂಕಕ್ಕೆ 3 ಮಿಲಿಗ್ರಾಂ ಲೆಕ್ಕ ಹಿಡಿದರೆ ನಿಮಗೆ 210. ಹೆಚ್ಚುಕಡಿಮೆ ಸರಿಹೋಯಿತು.

ಎರಡು ಸ್ಕೂಪ್ ಹಾಕಿದರೆ? ಕೆಫೀನ್ 400 ಆಗುತ್ತದೆ. ಆರೋಗ್ಯವಂತ ದೊಡ್ಡವರಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ ಹೇಳುವ ಮಿತಿಯೇ ಅದು, ಬೆಳಗಿನ ಎರಡು ಲೋಟ ಕಾಫಿ ಬೇರೆ ಇದೆ. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ 7ಕ್ಕೆ 400 ಕುಡಿದರೆ ರಾತ್ರಿ 12ಕ್ಕೂ 200 ಒಳಗೇ ಇರುತ್ತದೆ, ಅಂದರೆ ಮಲಗುವ ಹೊತ್ತಿಗೆ ಹೊಸದಾಗಿ ಒಂದು ಸ್ಕೂಪ್ ಹಾಕಿಕೊಂಡಂತೆ. ನಿದ್ದೆ ಕೆಟ್ಟು ಮಾರನೇ ದಿನ ಸುಸ್ತು, ಆ ಸುಸ್ತಿಗೆ ಮತ್ತೆ ಎರಡು ಸ್ಕೂಪ್. ಇಷ್ಟೆಲ್ಲ ಆದರೂ ಕ್ರಿಯಾಟಿನ್ ಬಂದದ್ದು 2 ಗ್ರಾಂ.

ಹಾಗಾಗಿ ಬೇರೆ ಬೇರೆ ಮಾಡಿ. ಬಣ್ಣ ರುಚಿ ಇಲ್ಲದ ಸಾದಾ ಕ್ರಿಯಾಟಿನ್ ಮೊನೊಹೈಡ್ರೇಟ್ ತನ್ನಿ, ದಿನಾ 5 ಗ್ರಾಂ, ಜಿಮ್ ಇಲ್ಲದ ದಿನವೂ ಸೇರಿ. ಬೆಳಗ್ಗೆ ತಿಂಡಿ ಜೊತೆಯೋ ರಾತ್ರಿ ಊಟದ ಜೊತೆಯೋ, ನೆನಪಿರುವ ಹೊತ್ತು. ವ್ಯಾಯಾಮಕ್ಕೆ ಮುಂಚೆಯೇ ಬೇಕು ಅಂತೇನಿಲ್ಲ, ಯಾಕಂದರೆ ಇದು ಟ್ಯಾಂಕಿ ತುಂಬಿಸುವ ಕೆಲಸ, ಆವತ್ತಿನ ಸ್ಕೂಪ್ ಆವತ್ತೇ ಉರಿಯುವುದಿಲ್ಲ. ಮೂರು-ನಾಲ್ಕು ವಾರದಲ್ಲಿ ತುಂಬುತ್ತದೆ. ಮೊದಲಲ್ಲೇ ತೂಕ ಒಂದು ಕಿಲೋ ಏರಿದರೆ ಗಾಬರಿ ಬೇಡ, ಅದು ನೀರು. ಮಾಂಸ ತಿನ್ನದವರ ಸ್ನಾಯುವಿನಲ್ಲಿ ಮೊದಲಿಗೆ ಕ್ರಿಯಾಟಿನ್ ಕಡಿಮೆ ಇರುವುದರಿಂದ ಅವರಿಗೆ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗಬಹುದು.

"ಕೆಫೀನ್ ಕ್ರಿಯಾಟಿನ್ ಅನ್ನು ಕೊಲ್ಲುತ್ತೆ" ಅನ್ನುವ ಮಾತೂ ಓಡಾಡುತ್ತದೆ. 1996ರ ಬೆಲ್ಜಿಯಂ ಅಧ್ಯಯನವೊಂದರಲ್ಲಿ ಎರಡನ್ನೂ ದಿನಾ ಒಟ್ಟಿಗೆ ತಗೊಂಡವರಿಗೆ ಕ್ರಿಯಾಟಿನ್ ಲಾಭ ಕಾಣಲಿಲ್ಲ, ಅದು ನಿಜ. ಆದರೆ ಅವರ ಸ್ನಾಯುವಿನಲ್ಲಿ ಸಂಗ್ರಹ ಏರಿತ್ತು. ಆಮೇಲಿನ ಅಧ್ಯಯನಗಳು ಒಂದೇ ದಿಕ್ಕಿನಲ್ಲಿಲ್ಲ. ಕಾಫಿ ಬಿಡಬೇಕಾಗಿಲ್ಲ. ಅನುಮಾನವಿದ್ದರೆ ಕ್ರಿಯಾಟಿನ್ ಬೆಳಗ್ಗೆ, ಕೆಫೀನ್ ಸಂಜೆ, ಅಲ್ಲಿಗೆ ಮುಗಿಯಿತು.

ಬೀಟಾ-ಅಲನೈನ್ ನಿಮಗೆ ಬೇಕೇ? ಒಂದರಿಂದ ನಾಲ್ಕು ನಿಮಿಷ ಬಿಡದೆ ಉರಿಯುವ ಕೆಲಸಕ್ಕೆ ಅದು ಸ್ವಲ್ಪ ನೆರವಾಗುತ್ತದೆ: 400 ಮೀಟರ್, 800 ಮೀಟರ್ ಓಟ, ರೋಯಿಂಗ್, ಉಸಿರು ಬಿಡದ ಸರ್ಕ್ಯೂಟ್. ನೀವು ಐದು ರೆಪ್ ಹೊಡೆದು ಮೂರು ನಿಮಿಷ ಫೋನ್ ನೋಡುವವರಾದರೆ ಆಮ್ಲ ಏರುವ ಮೊದಲೇ ಸೆಟ್ ಮುಗಿದಿರುತ್ತದೆ, ದುಡ್ಡು ಉಳಿಸಿ. ಬೇಕೇ ಬೇಕಾದರೆ ದಿನಕ್ಕೆ ನಾಲ್ಕು ಸಲ 0.8 ಗ್ರಾಂ ಹಾಗೆ ಹಂಚಿ ತಗೊಳ್ಳಿ, ಜುಮ್ ತುಂಬ ಕಡಿಮೆಯಾಗುತ್ತದೆ. ಬೇಜಾರಾಗಬೇಡಿ.

ಲೇಬಲ್‌ನಲ್ಲಿ ಉಳಿದದ್ದು? ಸಿಟ್ರುಲಿನ್ ಮ್ಯಾಲೇಟ್ 6 ರಿಂದ 8 ಗ್ರಾಂ ಇದ್ದರೆ ಒಂದೆರಡು ರೆಪ್ ಹೆಚ್ಚು ಸಿಗಬಹುದು, ಸಿಗದೆಯೂ ಇರಬಹುದು. ನಿಮ್ಮದರಲ್ಲಿ 2 ಗ್ರಾಂ. ಬಿಸಿಎಎ ಸುಮ್ನೆ, ಪ್ರೋಟೀನ್ ಸರಿಯಾಗಿ ತಿಂದರೆ ಅದು ಅಲ್ಲೇ ಬಂತು. "ಪ್ರೊಪ್ರೈಟರಿ ಬ್ಲೆಂಡ್" ಅಂತ ಹತ್ತು ಹೆಸರು ಬರೆದು ಕೆಳಗೆ ಒಂದೇ ಒಟ್ಟು ತೂಕ ಹಾಕಿದ್ದರೆ ಡಬ್ಬ ಅಲ್ಲೇ ಇಟ್ಟು ಬನ್ನಿ. ಯಾವುದು ಎಷ್ಟಿದೆ ಅಂತ ಹೇಳದವರ ಹತ್ತಿರ ಲೆಕ್ಕ ಹಾಕುವುದು ಹೇಗೆ?

ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕಂದರೆ ಆರು ತಿಂಗಳ ನಂತರ ಕೇಳೇ ಕೇಳುತ್ತೀರಿ. ಕ್ರಿಯಾಟಿನ್ ತಗೊಳ್ಳುವಾಗ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ ಅನ್ನುವ ಅಂಕಿ ಸ್ವಲ್ಪ ಏರಿ ಬರಬಹುದು. ಮನೆಯಲ್ಲಿ ಅಮ್ಮ ಆ ರಿಪೋರ್ಟ್ ನೋಡಿದರೆ ಡಬ್ಬ ಸೀದಾ ಕಸದ ಬುಟ್ಟಿಗೆ. ಕ್ರಿಯಾಟಿನ್ ಒಡೆದಾಗ ಹುಟ್ಟುವುದೇ ಕ್ರಿಯಾಟಿನಿನ್, ಹಾಗಾಗಿ ಆ ಅಂಕಿ ಒಂದನ್ನೇ ನೋಡಿ ಕಿಡ್ನಿ ಹೋಯಿತು ಅನ್ನಲಾಗದು. ಆರೋಗ್ಯವಂತರಲ್ಲಿ ಮೇಲೆ ಹೇಳಿದ ಪ್ರಮಾಣದಿಂದ ಕಿಡ್ನಿಗೆ ಹಾನಿಯಾದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಕಿಡ್ನಿ ತೊಂದರೆ ಮೊದಲೇ ಇದ್ದವರ ಮಾತು ಬೇರೆ, ಅವರು ಡಾಕ್ಟರ್ ಕೇಳದೆ ಮುಟ್ಟಬಾರದು. ನೀವು ಪರೀಕ್ಷೆಗೆ ಹೋದಾಗ ಕ್ರಿಯಾಟಿನ್ ತಗೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಪರೀಕ್ಷೆ ಇದೆ, ಕ್ರಿಯಾಟಿನ್ ಪುಡಿ ತಿಂದರೆ ಅದರ ಅಂಕಿ ಏರುವುದಿಲ್ಲ.