ಮಾತ್ರೆ ಮುಗಿದ ಮೇಲೂ ಸೈನಸ್ ಯಾಕೆ ಮರಳಿ ಬರುತ್ತೆ?

ಪ್ರಶ್ನೆ: ನೆಗಡಿಯಾದಾಗಲೆಲ್ಲ ಬಲಗೆನ್ನೆ ಭಾರವಾಗಿ ಹಳದಿ ಸಿಂಬಳ ಬರುತ್ತದೆ. ಆಂಟಿಬಯೋಟಿಕ್ ತಗೊಂಡರೆ ಇಳಿಯುತ್ತದೆ, ಕೆಲವು ವಾರಕ್ಕೆ ಮತ್ತೆ ಶುರು. ಯಾಕೆ ಹೀಗೆ?

ಉತ್ತರ: ಕೆನ್ನೆಯ ಮೂಳೆಯೊಳಗೆ ಗಾಳಿ ತುಂಬಿದ ಒಂದು ಟೊಳ್ಳು ಇದೆ. ಅದೇ ಮ್ಯಾಕ್ಸಿಲರಿ ಸೈನಸ್. ಅದು ಮೂಗಿಗೆ ತೆರೆದುಕೊಳ್ಳುವ ತೂತು ಕೆಲವೇ ಮಿಲಿಮೀಟರ್ ಅಗಲ. ಅದೂ ತಳದಲ್ಲಿಲ್ಲ, ಮೇಲ್ಗಡೆ ಇದೆ. ಬಚ್ಚಲಿನ ನೀರು ಹೋಗುವ ತೂತನ್ನು ಸೂರಿನ ಹತ್ತಿರ ಕೊರೆದ ಹಾಗೆ! ನಿಂತಾಗ, ಕೂತಾಗ ಲೋಳೆ ತಾನಾಗಿ ಹೊರಗೆ ಹರಿಯುವುದಿಲ್ಲ. ಒಳಗೋಡೆಯ ಸೂಕ್ಷ್ಮ ರೋಮಗಳು ಅದನ್ನು ಮೇಲಕ್ಕೆ, ಆ ತೂತಿನ ಕಡೆಗೇ ತಳ್ಳುತ್ತಿರುತ್ತವೆ. ಎಡಮಗ್ಗುಲಾಗಿ ಮಲಗಿದಾಗ ಬಲಗಡೆಯ ತೂತು ಕೆಳಮುಖವಾಗುತ್ತದೆ. ಆಗ ಸಿಂಬಳ ಸುರಿದರೆ ಗಾಬರಿ ಬೇಡ.

ನೆಗಡಿಯಲ್ಲಿ ತೂತಿನ ಸುತ್ತಲ ಪೊರೆ ಊದಿ ದಾರಿ ಮುಚ್ಚುತ್ತದೆ. ಒಳಗಿನ ಆಮ್ಲಜನಕ ಕಡಿಮೆಯಾಗುತ್ತದೆ, ರೋಮಗಳು ಸೋಲುತ್ತವೆ, ಲೋಳೆ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ಆದರೆ ಅಲರ್ಜಿಯಿಂದಲೋ ಪಾಲಿಪ್ ಎಂಬ ಮೂಗಿನೊಳಗಿನ ಮೆದು ಗಂಟಿನಿಂದಲೋ ಮುಚ್ಚಿದ ದಾರಿಯನ್ನು ತೆರೆಯುವುದಿಲ್ಲ. ಹಣೆಯ ಸೈನಸ್ ಮತ್ತು ಕಣ್ಣುಗಳ ನಡುವಿನ ಮುಂದಿನ ಸೈನಸ್‌ಗಳೂ ಇದೇ ಇಕ್ಕಟ್ಟಾದ ಜಾಗಕ್ಕೆ ಬಂದು ಸೇರುವುದರಿಂದ, ಇಲ್ಲಿನ ಊತ ಅವನ್ನೂ ಕಟ್ಟಿಹಾಕಬಹುದು.

ಹಿಂದೆ ಕೀವು ಇಳಿಯಲೆಂದು ಸೈನಸ್ಸಿನ ತಳಕ್ಕೆ ಹೊಸ ತೂತು ಕೊರೆಯುತ್ತಿದ್ದರು. ರೋಮಗಳು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಲೋಳೆಯನ್ನು ಹಳೆ ತೂತಿಗೇ ಒಯ್ದವು. ಅದಕ್ಕೇ ಈಗಿನ ಎಂಡೋಸ್ಕೋಪ್ ಆಪರೇಷನ್‌ನಲ್ಲಿ ಸಹಜ ತೂತನ್ನೇ ಅಗಲ ಮಾಡುತ್ತಾರೆ. ಆದರೆ ಅದು ಮೊದಲ ಮದ್ದಲ್ಲ. ಉಪ್ಪುನೀರಿನಿಂದ ಮೂಗು ತೊಳೆಯುವುದು, ವೈದ್ಯರು ಹೇಳಿದ ಸ್ಟೀರಾಯ್ಡ್ ಸ್ಪ್ರೇ ಮೊದಲು. ತೊಳೆಯಲು ಕುದಿಸಿ ಆರಿಸಿದ ನೀರೇ ಬೇಕು, ನಲ್ಲಿ ನೀರು ಸಲ್ಲದು.

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು "ಬಲಗೆನ್ನೆ" ಅನ್ನೋದು. ಪ್ರತಿಸಲವೂ ಒಂದೇ ಕಡೆ ಅಂದ್ರೆ ಹಲ್ಲನ್ನೂ ನೋಡಿಸಬೇಕು. ಮೇಲಿನ ದವಡೆಹಲ್ಲುಗಳ ಬೇರು ಈ ಸೈನಸ್ಸಿನ ತಳಕ್ಕೆ ತಾಗಿಕೊಂಡೇ ಇರುತ್ತದೆ. ಬೇರಿನಲ್ಲಿ ಕೀವಾದರೆ ಅದು ಸೈನಸ್ಸಿಗೂ ಹೋಗಬಹುದು. ಸಿಂಬಳಕ್ಕೆ ಕೆಟ್ಟ ವಾಸನೆ ಇದ್ದರೆ ಅನುಮಾನ ಜಾಸ್ತಿ. ಹಲ್ಲು ನೋಯದೆಯೂ ಹೀಗಾಗಬಹುದು, ಹಲ್ಲು ಸರಿಹೋಗದೆ ಸೈನಸ್ ವಾಸಿಯಾಗುವುದು ಕಷ್ಟ. ತೊಂದರೆ 12 ವಾರ ದಾಟಿದ್ದರೆ ಇಎನ್‌ಟಿ ವೈದ್ಯರು ಎಂಡೋಸ್ಕೋಪಿ ಮಾಡಿ, ಅಗತ್ಯವಿದ್ದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಒಂದೇ ಕಡೆಯಿಂದ ಪದೇಪದೇ ರಕ್ತ ಬಂದರೆ ಅಷ್ಟು ದಿನ ಕಾಯಬೇಡಿ, ಗಡ್ಡೆ ಇಲ್ಲವೆಂದು ಖಚಿತವಾಗಬೇಕು.

ಸೋಂಕು ಹರಡುವುದು ಅಪರೂಪ. ಆದರೆ ಕಣ್ಣುಗಳ ನಡುವಿನ ಸೈನಸ್ಸಿಗೂ ಕಣ್ಣಿನ ಗೂಡಿಗೂ ನಡುವೆ ಇರುವುದು ಕಾಗದದಷ್ಟು ತೆಳ್ಳಗಿನ ಮೂಳೆ. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಹಣೆ ಊದುವುದು, ಜ್ವರದ ಜೊತೆ ವಿಪರೀತ ತಲೆನೋವು ಅಥವಾ ಕತ್ತು ಬಿಗಿತ: ಇದರಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.