ನಮ್ಮ ಅಂಗಳ ವಯನಾಡ್ ಆಗಿದ್ದು ಹೇಗೆ?

ಪ್ರಶ್ನೆ: ಫೋಟೋ ನೋಡಿ ಊರು ಹೇಳುವ ಒಂದು ತಾಣದಲ್ಲಿ ನಮ್ಮ ಮನೆ ಅಂಗಳದ ಚಿತ್ರ ಹಾಕಿದೆ. ‘ವಯನಾಡ್, ಕೇರಳ, 80%’ ಅಂತ ಬಂತು. ಮನೆ ಇರೋದು ತೀರ್ಥಹಳ್ಳಿ ಹತ್ತಿರ. ಇಷ್ಟು ಧೈರ್ಯವಾಗಿ ತಪ್ಪು ಹೇಳೋದು ಹೇಗೆ ಸಾಧ್ಯ?

ಉತ್ತರ: ನೀವು ಕಳಿಸಿದ ಫೋಟೋ ನೋಡಿದೆ. ಹಂಚಿನ ಮಾಡು, ಜಂಬಿಟ್ಟಿಗೆ ಗೋಡೆ, ಹಿಂದೆ ಅಡಿಕೆ ಮರ, ಅದರ ಹಿಂದೆ ಮಂಜು ಮುಸುಕಿದ ಗುಡ್ಡ. ಇಷ್ಟನ್ನೇ ಹಿಡಿದು ಹೇಳು ಅಂದರೆ ಮಲೆನಾಡಿನವರೂ ಸ್ವಲ್ಪ ತಡವರಿಸುತ್ತಾರೆ.

ಇಂಥ ತಾಣಗಳ ಹಿಂದೆ ಕೆಲಸ ಮಾಡುವುದು ಲಕ್ಷಾಂತರ ಫೋಟೋಗಳಿಂದ ಕಲಿತ ಕಂಪ್ಯೂಟರ್ ಮಾದರಿಗಳು. ಅವುಗಳಲ್ಲಿ ಹಲವು ಅಕ್ಷಾಂಶ ರೇಖಾಂಶಗಳನ್ನು ನೇರವಾಗಿ ಲೆಕ್ಕ ಹಾಕುವುದಿಲ್ಲ. ಮೊದಲು ಭೂಪಟವನ್ನು ಮನೆಗಳಾಗಿ, ಅಂದರೆ ತುಂಡುಗಳಾಗಿ, ಕತ್ತರಿಸಿಕೊಂಡು, ಫೋಟೋ ಯಾವ ಮನೆಗೆ ಸೇರಿದ್ದು ಎಂದು ಆರಿಸುತ್ತವೆ. 2016ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಪ್ಲಾನೆಟ್ ಮಾದರಿಯಲ್ಲಿ ಇಂಥ ಮನೆಗಳು ಸುಮಾರು 26 ಸಾವಿರ ಇದ್ದವು. ಆದರೆ ಇವು ಚೌಕಾಬಾರದ ಮನೆಗಳ ಹಾಗೆ ಒಂದೇ ಅಳತೆಯವಲ್ಲ. ಎಲ್ಲಿ ಜನ ಹೆಚ್ಚು ಫೋಟೋ ತೆಗೆದು ಜಾಲದಲ್ಲಿ ಹಾಕಿದ್ದಾರೋ ಅಲ್ಲಿ ಮನೆಗಳು ಚಿಕ್ಕವು, ಫೋಟೋ ವಿರಳವಾದಲ್ಲಿ ದೊಡ್ಡವು. 50 ಫೋಟೋ ಕೂಡ ಸಿಗದ ಜಾಗಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದೊಡ್ಡ ಮನೆಯೊಂದನ್ನು ಮಾದರಿ ಸರಿಯಾಗಿ ಆರಿಸಿದರೂ ನಕ್ಷೆಯ ಗುರುತು ಬೀಳುವುದು ಅದರ ನಡುವೆ. ನಿಮ್ಮ ಅಂಗಳ ಅಲ್ಲಿಂದ ಎಷ್ಟೋ ಕಿಲೋಮೀಟರ್ ಆಚೆ ಇರಬಹುದು.

ಪಕ್ಷಪಾತ ಹುಟ್ಟುವುದೂ ಇಲ್ಲೇ. ಜೋಗದ ನಾಲ್ಕು ಧಾರೆಗಳ ಫೋಟೋ ಕೊಟ್ಟರೆ ಮಾದರಿ ಗುರುತಿಸೀತು, ಪ್ರವಾಸಿಗರು ಅದನ್ನು ಅಷ್ಟು ಸಲ ತೆಗೆದಿದ್ದಾರೆ. ನಿಮ್ಮ ಅಂಗಳವನ್ನು ಯಾರು ತೆಗೆದಿದ್ದಾರೆ? ರಸ್ತೆಯ ಚಿತ್ರಗಳಿಂದ ಕಲಿಯುವ ಮಾದರಿಗಳಿಗೂ ಇದೇ ಕಷ್ಟ. ಗೂಗಲ್‌ನ ಸ್ಟ್ರೀಟ್ ವ್ಯೂ ಭಾರತಕ್ಕೆ ಸರಿಯಾಗಿ ಬಂದದ್ದೇ 2022ರಲ್ಲಿ, ಅದೂ ಮೊದಲು ಹತ್ತು ಊರುಗಳಿಗೆ ಮಾತ್ರ. ಹಂಚಿನ ಮಾಡು, ಅಡಿಕೆ, ಮಂಜು ಮೂರೂ ಸೇರಿದ ಚಿತ್ರಗಳು ಕೇರಳದ ಹೋಂಸ್ಟೇ ಪ್ರವಾಸಿಗರಿಂದಲೇ ಹೆಚ್ಚು ಬಂದಿದ್ದರೆ, ಮಾದರಿಗೆ ಆ ಮೂರರ ಹೆಸರೇ ವಯನಾಡ್.

ಇನ್ನು 80%. ನೂರು ಸಲ ಹೇಳಿದರೆ 80 ಸಲ ಸರಿ ಎಂಬ ಭರವಸೆ ಅದಲ್ಲ. ತನ್ನಲ್ಲಿರುವ ಮನೆಗಳಿಗೆ ಒಟ್ಟು ನೂರು ಅಂಕ ಹಂಚಲೇಬೇಕು ಎಂಬುದು ಲೆಕ್ಕದ ಕಟ್ಟುಪಾಡು. ‘ಗೊತ್ತಿಲ್ಲ’ ಎಂಬ ಮನೆ ಸಾಮಾನ್ಯವಾಗಿ ಇರುವುದೇ ಇಲ್ಲ. ಸಾರಿನ ಪಾತ್ರೆಯ ಫೋಟೋ ಹಾಕಿ ನೋಡಿ, ಅದಕ್ಕೂ ಒಂದು ಊರು ಹೇಳುತ್ತದೆ! ಪ್ಲಾನೆಟ್ ಅನ್ನು 23 ಲಕ್ಷ ಫೋಟೋಗಳ ಮೇಲೆ ಪರೀಕ್ಷಿಸಿದಾಗ ದೇಶದ ಮಟ್ಟದಲ್ಲಿ ಸರಿ ಬಂದದ್ದು ಶೇ 28.4, ಒಂದು ಕಿಲೋಮೀಟರ್ ಒಳಗೆ ಬಂದದ್ದು ಶೇ 3.6. ಹೊಸ ಮಾದರಿಗಳು ಇದಕ್ಕಿಂತ ಬಹಳ ಮುಂದಿವೆ, ಆದರೂ ಅಂಕ ಹಂಚುವವುಗಳ ಕಟ್ಟುಪಾಡು ಇದೇ.

ಹಾಗಾದರೆ ಪರೀಕ್ಷಿಸುವುದು ಹೇಗೆ? ನಿಮ್ಮ ಫೋಟೋವನ್ನೇ ಕತ್ತರಿಸಿ ಮತ್ತೆ ಕೊಟ್ಟೆ. ಮೊದಲು ಗುಡ್ಡ ತೆಗೆದೆ, ಉತ್ತರ ವಯನಾಡೇ. ಆಮೇಲೆ ಮಾಡನ್ನು ಮುಚ್ಚಿ ಬರೀ ತೋಟ ಉಳಿಸಿದೆ, ಶ್ರೀಲಂಕಾಕ್ಕೆ ಹಾರಿತು. ಅಂದರೆ ಇಡೀ ತೀರ್ಮಾನ ಹಂಚಿನ ಮೇಲೆ ನಿಂತಿತ್ತು. ಹಂಚಿನ ಮಾಡು ಕರಾವಳಿಯಿಂದ ಕೇರಳದವರೆಗೂ ಇದೆ, ಅದು ಸಾಕ್ಷಿಯಲ್ಲ. (ಇಂಥ ಪರೀಕ್ಷೆಗೆ ಮುಂಚೆ ಫೋಟೋದ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಬಳಸಿ. ಮೂಲ ಕಡತದಲ್ಲಿ ಜಿಪಿಎಸ್ ಅಡಗಿದ್ದರೆ ತಾಣ ಅದನ್ನೇ ಓದಿ ಜಾಣನಂತೆ ಕಾಣಬಹುದು.)

ಮಾದರಿ ಕಡೆಗಣಿಸಿದ್ದು ಫೋಟೋದ ಎಡಮೂಲೆಯಲ್ಲಿದೆ. ಅಲ್ಲಿ ಚಪ್ಪರದ ಮೇಲೆ ಹರವಿರುವುದು ಸಿಪ್ಪೆ ಸುಲಿದು, ಚೊಗರು ಹಾಕಿ ಬೇಯಿಸಿದ ಕೆಂಪಡಿಕೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯ ಅಂಗಳದಲ್ಲಾದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡುವುದೇ ಹೆಚ್ಚು. ಇದು ಮಲೆನಾಡಿನ ಕಡೆ ಬೆರಳು ತೋರಿಸುತ್ತದೆ, ಆದರೆ ಪಕ್ಕಾ ಅಲ್ಲ. ಸಾಗರದ ಕಡೆ ಚಾಲಿಯೂ ಉಂಟು, ಕೆಂಪಡಿಕೆ ದಾವಣಗೆರೆ ಸೀಮೆಯಲ್ಲೂ ಉಂಟು. ಫೋಟೋದಲ್ಲಿರುವ ಬೈಕಿನ ‘KA-14’ ಫಲಕವೂ ಹಾಗೆಯೇ: ಶಿವಮೊಗ್ಗದಲ್ಲಿ ನೋಂದಣಿಯಾದ ಗಾಡಿ ಎಂದಷ್ಟೇ ಹೇಳುತ್ತದೆ, ನಿಂತಿರುವ ಊರನ್ನಲ್ಲ. ಎರಡೂ ಒಂದೇ ಕಡೆ ತೋರಿಸಿದಾಗ ವಯನಾಡಿನ ಮಾತು ಸಡಿಲವಾಗುತ್ತದೆ.

ಇನ್ನೂ ಕೆಳಗಿಳಿದು ಊರು ಹೇಳಬೇಕಿದ್ದರೆ ಗುಡ್ಡದ ಅಂಚನ್ನು ಗೂಗಲ್ ಅರ್ತ್‌ನ ಏರುತಗ್ಗಿನ ಜತೆ ಹೊಂದಿಸಿ ನೋಡಬೇಕು. ನಿಮ್ಮ ಫೋಟೋದಲ್ಲಿ ಆ ಅಂಚನ್ನು ಮಂಜು ನುಂಗಿದೆ. ಬಿಸಿಲು ಬಂದ ಮೇಲೆ, ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆದು ಕಳಿಸಿ.